ಗಾಡಿ ಅಪಘಾತವಾದ ಮೇಲೆ ಬರೆಯುವ ಕ್ಲೇಮ್ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾರೇಜಿನಲ್ಲಿ ಇನ್ಶೂರೆನ್ಸ್ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಗಾಡಿ ಗುದ್ದಿಸಿಕೊಂಡು ಬಂದವರು ಮೊದಲು ಕೇಳುವುದು "ಎಷ್ಟು ಬರುತ್ತೆ?" ಅಂತ. ಆಮೇಲೆ "ಪತ್ರದಲ್ಲಿ ಏನಂತ ಬರೀಲಿ?" ಅಂತ. ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ.

ಇಲ್ಲಿ ಒಂದೇ ಬಗೆಯ ಕ್ಲೇಮ್ ಬಗ್ಗೆ ಬರೆದಿದ್ದೇನೆ. ನಮ್ಮ ಗಾಡಿಗೆ ಆದ ಹಾನಿಗೆ ನಮ್ಮದೇ ಪಾಲಿಸಿಯಿಂದ ಹಣ ಕೇಳುವುದು. ಒಂದು ಕಾರಿನ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಅದರಲ್ಲಿರುವ ಮೊತ್ತ, ದರ ಎಲ್ಲ ಲೆಕ್ಕ ತೋರಿಸಲು ನಾನು ಹಾಕಿಕೊಂಡಿದ್ದು. ನಿಮ್ಮ ಲೆಕ್ಕಕ್ಕೆ ನಿಮ್ಮ ಪಾಲಿಸಿಯನ್ನೇ ನೋಡಬೇಕು.

ಕ್ಲೇಮ್ ಫಾರಂ ತುಂಬಿ ಕೊಟ್ಟಿದ್ದೇನೆ. ಪತ್ರ ಬೇರೆ ಬೇಕಾ?

ಕೆಲವು ಕಂಪನಿಗಳು ಪತ್ರ ಕೇಳುವುದಿಲ್ಲ. ಆದರೂ ಬರೆದುಕೊಡಿ ಅಂತಲೇ ನಾನು ಹೇಳುತ್ತೇನೆ. ಫಾರಂನಲ್ಲಿ ಘಟನೆ ವಿವರಿಸಲು ಎರಡು ಗೆರೆ ಜಾಗ ಇರುತ್ತದೆ. ಅಷ್ಟರಲ್ಲಿ "ವ್ಯಾನ್ ಬಂದು ಗುದ್ದಿತು" ಅಂತ ಬರೆಯಬಹುದೇ ಹೊರತು, ಎಲ್ಲಿಂದ ಬಂತು, ಎಲ್ಲಿಗೆ ತಾಗಿತು ಅನ್ನುವುದು ಹಿಡಿಸುವುದಿಲ್ಲ. ಯಾವ ಯಾವ ಕಾಗದ ಕೊಟ್ಟಿದ್ದೀರಿ ಅನ್ನುವ ಪಟ್ಟಿಗೂ ಅಲ್ಲಿ ಜಾಗವಿಲ್ಲ. ನಾಳೆ "ಟೋಯಿಂಗ್ ರಸೀದಿ ಬಂದಿಲ್ಲ" ಅಂದರೆ ತೋರಿಸಲು ನಿಮ್ಮ ಕೈಯಲ್ಲಿ ಇರುವುದು ಈ ಪತ್ರದ ಪ್ರತಿ ಮಾತ್ರ.

ಒಂದು ಎಚ್ಚರಿಕೆ. ಫಾರಂ, ಪತ್ರ, ಪೊಲೀಸ್ ವರದಿ ಮೂರರಲ್ಲೂ ದಿನ, ಸಮಯ, ಜಾಗ ಒಂದೇ ಇರಬೇಕು. ಫಾರಂನಲ್ಲಿ 7.40, ಪತ್ರದಲ್ಲಿ 8.15 ಅಂತಿದ್ದರೆ ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ಯಾರೂ ಅನ್ನುವುದಿಲ್ಲ. ಆದರೆ ಸ್ಪಷ್ಟನೆ ಕೇಳಿ ಒಂದು ಮೇಲ್ ಬರುತ್ತದೆ, ನೀವು ಉತ್ತರ ಕೊಡುವ ತನಕ ಫೈಲ್ ಅಲ್ಲೇ ಕೂತಿರುತ್ತದೆ.

ಪತ್ರ ಯಾವಾಗ ಕೊಡಬೇಕು?

ಅಪಘಾತವಾಗಿದೆ ಅಂತ ತಿಳಿಸುವುದು ಬೇರೆ, ಪತ್ರ ಕೊಡುವುದು ಬೇರೆ. ತಿಳಿಸುವುದಕ್ಕೆ ತಡ ಮಾಡಬೇಡಿ. ಆವತ್ತೇ ಫೋನಿನಲ್ಲೋ ಆ್ಯಪ್‌ನಲ್ಲೋ ತಿಳಿಸಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ. ಎಷ್ಟು ಸಮಯದೊಳಗೆ ತಿಳಿಸಬೇಕು ಅನ್ನುವುದು ಪಾಲಿಸಿಯಲ್ಲೇ ಬರೆದಿರುತ್ತದೆ. ಪತ್ರವನ್ನು ಗ್ಯಾರೇಜಿನ ಎಸ್ಟಿಮೇಟ್ ಕೈಗೆ ಬಂದ ಮೇಲೆ, ರಿಪೇರಿ ಶುರುವಾಗುವ ಮುಂಚೆ ಕೊಡಿ. ಹಾನಿ ಪರಿಶೀಲಿಸಲು ಇನ್ಶೂರೆನ್ಸ್ ಕಂಪನಿ ಕಳಿಸುವ ಸರ್ವೇಯರ್ ನೋಡುವ ಮೊದಲೇ ಗಾಡಿ ಬಿಚ್ಚಿಸಿದರೆ, ಯಾವ ಹಾನಿ ಅಪಘಾತದ್ದು, ಯಾವುದು ಬಿಚ್ಚುವಾಗ ಆಗಿದ್ದು ಅಂತ ತೋರಿಸಲು ಆಗುವುದಿಲ್ಲ.

ತಿಳಿಸುವುದೇ ತಡವಾಗಿದ್ದರೆ ಅದನ್ನು ಮುಚ್ಚಿಡಬೇಡಿ. "ಎರಡು ದಿನ ಆಸ್ಪತ್ರೆಯಲ್ಲಿದ್ದೆ, ಡಿಸ್ಚಾರ್ಜ್ ಪ್ರತಿ ಲಗತ್ತಿಸಿದೆ" ಅಂತ ಒಂದು ಸಾಲು ಬರೆಯಿರಿ. ಹಿಂದಿನ ತಾರೀಖು ಹಾಕುವ ಬುದ್ಧಿವಂತಿಕೆ ಬೇಡ. ಟೋಯಿಂಗ್ ರಸೀದಿಯ ಮೇಲೆ ನಿಜವಾದ ತಾರೀಖು ಇದ್ದೇ ಇರುತ್ತದಲ್ವಾ?

ಘಟನೆಯನ್ನು ಹೇಗೆ ಬರೆಯಬೇಕು? ಎಷ್ಟು ಬರೆಯಬೇಕು?

ಆರೇಳು ವಾಕ್ಯ ಸಾಕು. ಆದರೆ ಆ ಆರೇಳು ವಾಕ್ಯ ಓದಿದವರಿಗೆ ಗಾಡಿಯ ಯಾವ ಮೂಲೆಗೆ, ಯಾವ ದಿಕ್ಕಿನಿಂದ ಪೆಟ್ಟು ಬಿತ್ತು ಅನ್ನುವುದು ಕಣ್ಣಿಗೆ ಕಟ್ಟಬೇಕು. ಸರ್ವೇಯರ್ ನಿಮ್ಮ ಪತ್ರ ಓದಿ ಕಾರಿನ ಹತ್ತಿರ ಬಂದಾಗ ನೋಡುವುದು ಒಂದೇ ವಿಷಯ: ಇವರು ಹೇಳಿದ ಹಾಗೆ ಗುದ್ದಿದ್ದರೆ ಹಾನಿ ಇಲ್ಲೇ, ಇಷ್ಟೇ ಎತ್ತರದಲ್ಲಿ ಆಗಿರಬೇಕು, ಆಗಿದೆಯಾ? ಪತ್ರದ ಮಾತಿಗೂ ತಗಡಿನ ಗುರುತಿಗೂ ತಾಳೆಯಾದರೆ ಅವರ ಕೆಲಸ ಬೇಗ ಮುಗಿಯುತ್ತದೆ.

ಜನ ಸಾಮಾನ್ಯವಾಗಿ ಬರೆಯುವುದು ಹೀಗೆ: "ನಾನು ನಿಧಾನವಾಗಿಯೇ ಹೋಗುತ್ತಿದ್ದೆ. ಅಷ್ಟರಲ್ಲಿ ಒಬ್ಬ ಅಡ್ಡಾದಿಡ್ಡಿ ಗಾಡಿ ಓಡಿಸಿಕೊಂಡು ಬಂದು ಗುದ್ದಿಬಿಟ್ಟ. ಕಾರಿನ ಮುಂಭಾಗ ಪೂರ್ತಿ ಜಖಂ ಆಗಿದೆ." ಓದಲು ಜೋರಾಗಿದೆ. ಆದರೆ ಇದರಲ್ಲಿ ತಾಳೆ ನೋಡುವಂಥದ್ದು ಏನೂ ಇಲ್ಲ. "ಪೂರ್ತಿ ಜಖಂ" ಅಂತ ಬೇರೆ ಬರೆದಿದ್ದಾರೆ, ಹೋಗಿ ನೋಡಿದರೆ ಬಲಗಡೆಯ ದೀಪ ಚೆನ್ನಾಗಿಯೇ ಉರಿಯುತ್ತಿದೆ.

ಅದನ್ನೇ ಹೀಗೆ ಬರೆಯಿರಿ: "ಮುಖ್ಯ ರಸ್ತೆಯಲ್ಲಿ ನೇರವಾಗಿ ಹೋಗುತ್ತಿದ್ದೆ. ಮಳೆ ಬರುತ್ತಿತ್ತು, ರಸ್ತೆ ಒದ್ದೆಯಾಗಿತ್ತು. ಎಡಗಡೆಯ ಅಡ್ಡರಸ್ತೆಯಿಂದ ಒಂದು ವ್ಯಾನ್ ಹೊರಗೆ ಬಂತು. ನಾನು ಬ್ರೇಕ್ ಹಾಕಿದೆ. ವ್ಯಾನಿನ ಮುಂಭಾಗ ನನ್ನ ಕಾರಿನ ಎಡ ಮುಂಭಾಗದ ಮೂಲೆಗೆ ತಾಗಿತು." ಇಷ್ಟೇ. ನೀವು ಕಂಡಿದ್ದು, ನೀವು ಮಾಡಿದ್ದು, ತಾಗಿದ ಜಾಗ. ವ್ಯಾನಿನವರು ಫೋನಿನಲ್ಲಿ ಮಾತಾಡುತ್ತಿದ್ದರು ಅಂತ ನಿಮಗೆ ಅನ್ನಿಸಿದ್ದರೆ, ಕಣ್ಣಾರೆ ಕಂಡಿದ್ದರೆ ಮಾತ್ರ ಬರೆಯಿರಿ. ವೇಗ ಖಚಿತವಾಗಿ ಗೊತ್ತಿಲ್ಲದಿದ್ದರೆ "ಸುಮಾರು" ಅನ್ನುವ ಮಾತು ಸೇರಿಸಿ. ಸುಮ್ನೆ ಒಂದು ಅಂಕಿ ಬರೆದರೆ ಆಮೇಲೆ ಡ್ಯಾಶ್‌ಕ್ಯಾಮ್ ಬೇರೆಯದೇ ಹೇಳಬಹುದು.

ತಪ್ಪು ನನ್ನದೇ ಇದ್ದರೆ? ಹಾಗಂತ ಬರೆಯಬೇಕಾ?

ನಡೆದದ್ದನ್ನು ಬರೆಯಿರಿ, ತೀರ್ಪು ಬರೆಯಬೇಡಿ. "ತಿರುವಿನಲ್ಲಿ ಟೈರ್ ಜಾರಿ ಕಾರು ಡಿವೈಡರ್‌ಗೆ ತಾಗಿತು" ಅನ್ನುವುದು ನಡೆದದ್ದು. "ಸಂಪೂರ್ಣ ನನ್ನ ಬೇಜವಾಬ್ದಾರಿಯಿಂದ ಆಯಿತು" ಅನ್ನುವುದು ತೀರ್ಪು. ಅದನ್ನು ಕೊಡುವುದು ನಿಮ್ಮ ಕೆಲಸವಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಸ್ವಂತ ಗಾಡಿಯ ಹಾನಿಗೂ ರಕ್ಷಣೆ ಇರುವ ಪಾಲಿಸಿ ಸಾಮಾನ್ಯವಾಗಿ ಓಡಿಸುವವರ ಕೈತಪ್ಪಿನಿಂದ ಆದ ಹಾನಿಯನ್ನೂ ಒಪ್ಪುತ್ತದೆ. ಅದಕ್ಕೇ ತಾನೆ ಪ್ರೀಮಿಯಂ ಕಟ್ಟಿದ್ದು! ಕ್ಲೇಮ್ ಬೀಳುವುದು ಕುಡಿದು ಓಡಿಸಿದ್ದಕ್ಕೆ, ಲೈಸೆನ್ಸ್ ಇಲ್ಲದ್ದಕ್ಕೆ, ಸ್ವಂತಕ್ಕೆ ಅಂತ ಪಾಲಿಸಿ ಮಾಡಿಸಿ ಬಾಡಿಗೆಗೆ ಓಡಿಸಿದ್ದಕ್ಕೆ. ಹಾಗಾಗಿ ತಿರುವಿನಲ್ಲಿ ಜಾರಿದ್ದನ್ನು ಮುಚ್ಚಿಡಲು "ಯಾರೋ ಗುದ್ದಿ ಓಡಿಹೋದರು" ಅಂತ ಕಥೆ ಕಟ್ಟುವುದು ದಡ್ಡತನ. ಸಿಗಬೇಕಾದ ಹಣ ಸುಳ್ಳಿನಿಂದಾಗಿ ಸಿಗದೇ ಹೋಗುತ್ತದೆ. ಬೇರೆ ಗಾಡಿ ಗುದ್ದಿದ್ದರೆ ಅದರ ಬಣ್ಣದ ಕುರುಹು ಇರಬೇಕು. ಡಿವೈಡರ್ ಉಜ್ಜಿದರೆ ಬಿಳಿ ಸಿಮೆಂಟಿನ ಪುಡಿ ಗೀರಿನೊಳಗೆ ಕೂತಿರುತ್ತದೆ. ಸರ್ವೇಯರ್ ಬೆರಳಿನಿಂದ ಒರೆಸಿ ನೋಡುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಪೂರ್ತಿ ಪತ್ರ ಒಂದು ತೋರಿಸಿ.

ತಗೊಳ್ಳಿ. ಚುಕ್ಕೆ ಇರುವ ಕಡೆ ನಿಮ್ಮ ವಿವರ ತುಂಬಿಕೊಳ್ಳಿ.

ದಿನಾಂಕ: 18 ಮಾರ್ಚ್ 2025

ಇವರಿಗೆ,
ವ್ಯವಸ್ಥಾಪಕರು, ವಾಹನ ಕ್ಲೇಮ್ ವಿಭಾಗ, ……………

ವಿಷಯ: ಅಪಘಾತದಲ್ಲಿ ನನ್ನ ಕಾರಿಗೆ ಆದ ಹಾನಿಯ ಕ್ಲೇಮ್
ಪಾಲಿಸಿ ನಂಬರ್: ………  ಕ್ಲೇಮ್ ನಂಬರ್: ………  ವಾಹನದ ನಂಬರ್: ………

ಮಾನ್ಯರೇ,

14 ಮಾರ್ಚ್ 2025, ಶುಕ್ರವಾರ ಸಂಜೆ ಸುಮಾರು 7.40ಕ್ಕೆ ……… ರಸ್ತೆಯಲ್ಲಿ, ……… ಹತ್ತಿರ ನನ್ನ ಕಾರು ಅಪಘಾತಕ್ಕೆ ಒಳಗಾಯಿತು. ಕಾರನ್ನು ನಾನೇ ಓಡಿಸುತ್ತಿದ್ದೆ. ಅದೇ ರಾತ್ರಿ 8.30ಕ್ಕೆ ಫೋನ್ ಮೂಲಕ ನಿಮಗೆ ತಿಳಿಸಿದ್ದೇನೆ.

ನಾನು ಮುಖ್ಯ ರಸ್ತೆಯಲ್ಲಿ ನೇರವಾಗಿ ಹೋಗುತ್ತಿದ್ದೆ. ಮಳೆ ಬರುತ್ತಿತ್ತು, ರಸ್ತೆ ಒದ್ದೆಯಾಗಿತ್ತು. ಎಡಗಡೆಯ ಅಡ್ಡರಸ್ತೆಯಿಂದ ಒಂದು ವ್ಯಾನ್ (ನಂಬರ್ ………) ಹೊರಗೆ ಬಂತು. ನಾನು ಬ್ರೇಕ್ ಹಾಕಿದೆ. ವ್ಯಾನಿನ ಮುಂಭಾಗ ನನ್ನ ಕಾರಿನ ಎಡ ಮುಂಭಾಗದ ಮೂಲೆಗೆ ತಾಗಿತು (ಲಗತ್ತು 5). ಯಾರಿಗೂ ಗಾಯವಾಗಿಲ್ಲ. ಪೊಲೀಸರಿಗೆ 15 ಮಾರ್ಚ್‌ರಂದು ವರದಿ ಮಾಡಿದ್ದೇನೆ (ಲಗತ್ತು 4).

ಮುಂದಿನ ಬಂಪರ್ ಒಡೆದಿದೆ, ಎಡ ಹೆಡ್‌ಲೈಟ್ ಮುರಿದಿದೆ, ಎಡ ಮುಂದಿನ ಫೆಂಡರ್ ಒಳಕ್ಕೆ ತಗ್ಗಿದೆ. ಕಾರು ಓಡಿಸುವ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ಟೋ ಮಾಡಿಸಿದೆ. ಈಗ ಅದು ……… ಗ್ಯಾರೇಜಿನಲ್ಲಿದೆ. ಅಲ್ಲಿ ಯಾವಾಗ ಬೇಕಾದರೂ ಪರಿಶೀಲಿಸಬಹುದು.

ಕ್ಲೇಮ್ ಮಾಡುತ್ತಿರುವ ಮೊತ್ತ:
ಬಂಪರ್: 9,000
ಎಡ ಹೆಡ್‌ಲೈಟ್: 12,000
ಎಡ ಫೆಂಡರ್: 5,000
ಕೂಲಿ: 6,500
ಪೇಂಟಿಂಗ್: 7,500
(ಮೇಲಿನ ಐದೂ ಲಗತ್ತು 6ರ ಎಸ್ಟಿಮೇಟ್ ಪ್ರಕಾರ, ಒಟ್ಟು 40,000)
ಟೋಯಿಂಗ್, ಈಗಾಗಲೇ ಪಾವತಿಸಿದ್ದು (ಲಗತ್ತು 7): 2,500
ಒಟ್ಟು: 42,500

ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು ಈ ಮೊತ್ತವನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ. ಬಿಚ್ಚಿದ ನಂತರ ಕಾಣಬಹುದಾದ ಒಳಗಿನ ಹಾನಿ ಇದರಲ್ಲಿ ಸೇರಿಲ್ಲ.

ಲಗತ್ತುಗಳು: 1. ಪಾಲಿಸಿ ಪ್ರತಿ 2. ವಾಹನ ನೋಂದಣಿ ಪತ್ರದ ಪ್ರತಿ 3. ನನ್ನ ಡ್ರೈವಿಂಗ್ ಲೈಸೆನ್ಸ್ ಪ್ರತಿ 4. ಪೊಲೀಸ್ ವರದಿಯ ಪ್ರತಿ 5. ಎಂಟು ಫೋಟೋಗಳು 6. ಗ್ಯಾರೇಜಿನ ಎಸ್ಟಿಮೇಟ್, ದಿನಾಂಕ 17 ಮಾರ್ಚ್ 7. ಟೋಯಿಂಗ್ ರಸೀದಿ, ಮೂಲ ಪ್ರತಿ 8. ತುಂಬಿದ ಕ್ಲೇಮ್ ಫಾರಂ

ಇಂತಿ ತಮ್ಮ ವಿಶ್ವಾಸಿ,
(ಸಹಿ, ಹೆಸರು, ಫೋನ್ ನಂಬರ್)

ಪತ್ರದ ಒಳಗೆ ಅಲ್ಲಲ್ಲಿ ಲಗತ್ತಿನ ನಂಬರ್ ಹಾಕಿರುವುದನ್ನು ಗಮನಿಸಿ. ಓದುವವರು ಪುಟ ತಿರುಗಿಸಿ ಹುಡುಕಬೇಕಾಗಿಲ್ಲ. ಬರೆಯುವವರಿಗೂ ಒಂದು ಅನುಕೂಲವಿದೆ. ಯಾವ ಮೊತ್ತದ ಮುಂದೆ ಲಗತ್ತಿನ ನಂಬರ್ ಹಾಕಲು ಆಗುವುದಿಲ್ಲವೋ ಅದಕ್ಕೆ ಆಧಾರವಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

42,500 ಅಂತ ಪೂರ್ತಿ ಕೇಳಿದ್ದೀರಿ. ಅಷ್ಟೂ ಬರುತ್ತಾ?

ಬರುವುದಿಲ್ಲ. ಹೆಚ್ಚಿನ ಪಾಲಿಸಿಗಳಲ್ಲಿ ಎರಡು ಕಡಿತ ಇರುತ್ತವೆ. ಒಂದು ಸವಕಳಿ. ನಾಲ್ಕು ವರ್ಷ ಹಳೆಯ ಬಂಪರ್ ಬದಲು ಹೊಸದು ಹಾಕುವಾಗ, ಹಳೆಯದರ ಸವೆತದ ಪಾಲನ್ನು ನೀವೇ ಕೊಡಬೇಕು ಅನ್ನುವ ಲೆಕ್ಕ. ಇನ್ನೊಂದು ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲೂ ನೀವೇ ಹೊರಬೇಕಾದ ಮೊತ್ತ. ಇದರ ಜೊತೆಗೆ ಟೋಯಿಂಗ್‌ನಂಥ ಖರ್ಚಿಗೆ ಮಿತಿ ಹಾಕಿರುತ್ತಾರೆ.

ನಮ್ಮ ಕಾರಿನ ಪಾಲಿಸಿಯಲ್ಲಿ ಹೀಗಿದೆ ಅಂದುಕೊಳ್ಳಿ: ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಸವಕಳಿ, ಲೋಹದ ಭಾಗಕ್ಕೆ ಶೇ 15, ಕೂಲಿ ಮತ್ತು ಪೇಂಟಿಂಗ್‌ಗೆ ಕಡಿತವಿಲ್ಲ, ಟೋಯಿಂಗ್‌ಗೆ ಹೆಚ್ಚೆಂದರೆ 1,500, ಡಿಡಕ್ಟಿಬಲ್ 2,000. ಬಂಪರ್ ಮತ್ತು ಹೆಡ್‌ಲೈಟ್ ಸೇರಿ 21,000. ಅದರಲ್ಲಿ ಅರ್ಧ, 10,500 ಹೋಯಿತು. ಫೆಂಡರ್ 5,000ದಲ್ಲಿ 750 ಹೋಯಿತು. ಸವಕಳಿ ಒಟ್ಟು 11,250. 40,000ದಿಂದ ಅದನ್ನು ಕಳೆದರೆ 28,750 ಉಳಿಯುತ್ತದೆ. ಟೋಯಿಂಗ್ 1,500 ಸೇರಿಸಿದರೆ 30,250. ಡಿಡಕ್ಟಿಬಲ್ ಕಳೆದರೆ 28,250. ನಿಮ್ಮ ಕೈಯಿಂದ ಹೋಗುವುದು 14,250.

ಸವಕಳಿ ಇಲ್ಲದ ಪಾಲಿಸಿಯಾಗಿದ್ದರೆ ಆ 11,250 ಉಳಿಯುತ್ತಿತ್ತು. ಅದಕ್ಕೇ ಪಾಲಿಸಿ ಪುಟದಲ್ಲಿ ಸವಕಳಿ ಕಳೆಯದ ಆ್ಯಡ್-ಆನ್, ಅಂದರೆ ಹೆಚ್ಚುವರಿ ರಕ್ಷಣೆ, ಇದೆಯಾ ಅಂತ ಮೊದಲು ನೋಡಿ.

ಹಾಗಿದ್ದರೆ ಪತ್ರದಲ್ಲಿ 28,250 ಅಂತಲೇ ಬರೆಯಬಹುದಲ್ವಾ?

ಬೇಡ. ಖರ್ಚಾಗುವ ಪೂರ್ತಿ ಮೊತ್ತ ಬರೆದು "ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು" ಅಂತ ಸೇರಿಸಿ. ಕಡಿತದ ಲೆಕ್ಕ ಹಾಕುವುದು ಕಂಪನಿಯ ಕೆಲಸ. ನೀವೇ ಕಳೆದು ಕೊಟ್ಟರೆ, ಕಳೆಯಬಾರದ್ದನ್ನೂ ಕಳೆದಿರಬಹುದು. ಕಡಿಮೆ ಕೇಳಿದವರನ್ನು ಕರೆದು "ಇನ್ನೂ ಸ್ವಲ್ಪ ಬರುತ್ತೆ, ತಗೊಳ್ಳಿ" ಅಂದಿದ್ದನ್ನು ನಾನಂತೂ ಕಂಡಿಲ್ಲ. ಇನ್ನೂ ಕೆಟ್ಟದ್ದು ಏನೆಂದರೆ, ನೀವು ಕಳೆದು ಬರೆದ ಮೊತ್ತದ ಮೇಲೆ ಮತ್ತೆ ಸವಕಳಿ ಹಾಕಿಬಿಡಬಹುದು.

ಆದರೆ ಆ 28,250ರ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಫೈಲಿನಲ್ಲಿ ಇಟ್ಟುಕೊಳ್ಳಿ. ಮಂಜೂರಾತಿ ಬಂದ ದಿನ ಅದು ಬೇಕಾಗುತ್ತದೆ.

ಹೇಗೂ ಪೇಂಟ್ ಮಾಡಿಸುತ್ತೇವೆ, ಹಿಂದಿನ ಬಾಗಿಲಿನ ಹಳೆಯ ಗೀರನ್ನೂ ಸೇರಿಸಬಹುದಾ?

ಈ ಪ್ರಶ್ನೆ ಕೇಳುವಾಗ ಜನ ದನಿ ತಗ್ಗಿಸುತ್ತಾರೆ. ಎಷ್ಟೋ ಸಲ ಅವರು ಕೇಳುವುದೂ ಬೇಡ, ಗ್ಯಾರೇಜಿನವರೇ ಉಪಕಾರ ಮಾಡುವ ಹಾಗೆ ಎಸ್ಟಿಮೇಟ್‌ನಲ್ಲಿ ಒಂದು ಸಾಲು ಸೇರಿಸಿರುತ್ತಾರೆ. ನಮ್ಮ ಕಸುಬಿನವರ ಬಗ್ಗೆಯೇ ಹೇಳುತ್ತಿದ್ದೇನೆ, ಬೇಜಾರಿಲ್ಲ.

ಸೇರಿಸಬೇಡಿ. ಪತ್ರದಲ್ಲಿ ಎಡ ಮುಂಭಾಗಕ್ಕೆ ತಾಗಿತು ಅಂತಿದೆ, ಎಸ್ಟಿಮೇಟ್‌ನಲ್ಲಿ ಬಲ ಹಿಂದಿನ ಬಾಗಿಲಿಗೆ ಪೇಂಟಿಂಗ್ 3,200 ಅಂತಿದೆ. ಇದನ್ನು ಹಿಡಿಯಲು ಸರ್ವೇಯರ್ ಆಗಬೇಕಿಲ್ಲ. ಆ ಗೀರಿನೊಳಗೆ ತುಕ್ಕು ಕೂತಿದ್ದರೆ ಅದು ನಾಲ್ಕು ದಿನದ್ದಲ್ಲ ಅಂತಲೂ ಗೊತ್ತಾಗುತ್ತದೆ. ಆ ಒಂದು ಸಾಲು ಮಾತ್ರ ಹೊಡೆದುಹಾಕಿದರೆ ನಿಮ್ಮ ಅದೃಷ್ಟ. ಉಳಿದ ಸಾಲುಗಳನ್ನೂ ಅನುಮಾನದಿಂದ ನೋಡಲು ಶುರು ಮಾಡಿದರೆ, ಹೆಡ್‌ಲೈಟ್ ಬದಲಾಯಿಸಲೇಬೇಕಾ, ರಿಪೇರಿ ಸಾಲದಾ ಅನ್ನುವ ತನಕ ಹೋಗುತ್ತದೆ. ಬೇಕಂತಲೇ ಸುಳ್ಳು ಕ್ಲೇಮ್ ಮಾಡಿದ್ದು ಅಂತಾದರೆ ಪೂರ್ತಿ ಕ್ಲೇಮೇ ತಿರಸ್ಕಾರವಾಗಬಹುದು. ಎಸ್ಟಿಮೇಟ್ ಕೈಗೆ ಬಂದ ತಕ್ಷಣ ಒಂದೊಂದು ಸಾಲನ್ನೂ ಪತ್ರದ ಪಕ್ಕ ಇಟ್ಟು ಓದಿ. ಹಳೆಯ ಗೀರಿಗೆ ಬೇರೆ ಬಿಲ್ ಮಾಡಿಸಿ.

ಬಂಪರ್ ಬಿಚ್ಚಿದ ಮೇಲೆ ಒಳಗೆ ಇನ್ನೂ ಏನೋ ಮುರಿದಿದೆ ಅಂದರು. ಈಗ?

ಗಾಬರಿ ಬೇಡ, ಇದು ದಿನಾ ಆಗುವುದೇ. ಬಂಪರ್ ಹಿಂದಿನ ಬ್ರಾಕೆಟ್, ಎಸಿ ಕಂಡೆನ್ಸರ್, ರೇಡಿಯೇಟರ್ ಹೊರಗಿನಿಂದ ಕಾಣುವುದಿಲ್ಲ. ಇದಕ್ಕಾಗಿಯೇ ಪತ್ರದ ಕೊನೆಯಲ್ಲಿ "ಒಳಗಿನ ಹಾನಿ ಇದರಲ್ಲಿ ಸೇರಿಲ್ಲ" ಅನ್ನುವ ಸಾಲು ಹಾಕಿದ್ದು.

ಆ ಭಾಗ ಇದ್ದ ಹಾಗೇ ಇರಲಿ, ಕೆಲಸ ನಿಲ್ಲಿಸಲು ಹೇಳಿ. ಫೋಟೋ ತೆಗೆಯಿರಿ, ಒಂದು ಹತ್ತಿರದಿಂದ, ಒಂದು ಕಾರಿನ ನಂಬರ್ ಪ್ಲೇಟ್ ಕಾಣುವ ಹಾಗೆ ದೂರದಿಂದ. ಗ್ಯಾರೇಜಿನಿಂದ ಹೆಚ್ಚುವರಿ ಎಸ್ಟಿಮೇಟ್ ತೆಗೆದುಕೊಂಡು ಮೂರು ಸಾಲಿನ ಎರಡನೇ ಪತ್ರ ಬರೆಯಿರಿ: ಕ್ಲೇಮ್ ನಂಬರ್, ಮೊದಲ ಪತ್ರದ ದಿನಾಂಕ, ಬಿಚ್ಚಿದಾಗ ಕಂಡ ಹಾನಿ ಮತ್ತು ಮೊತ್ತ. ಸರ್ವೇಯರ್ ನೋಡಿ ಒಪ್ಪಿದ ಮೇಲೆಯೇ ಆ ಭಾಗ ಬದಲಾಯಿಸಿ. ತೆಗೆದ ಹಳೆಯ ಭಾಗಗಳನ್ನು ಗುಜರಿಗೆ ಹಾಕಲು ಬಿಡಬೇಡಿ. ಮೊತ್ತ ಸಂದಾಯವಾಗುವ ತನಕ ಅವು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರಲಿ.

ಮೂಲ ಪ್ರತಿ ಕೊಡಬೇಕಾ, ಜೆರಾಕ್ಸ್ ಸಾಕಾ?

ಲೈಸೆನ್ಸ್, ನೋಂದಣಿ ಪತ್ರದ ಜೆರಾಕ್ಸ್ ಕೊಡಿ, ಮೂಲ ತೋರಿಸಿ ವಾಪಸ್ ತನ್ನಿ. ನೀವು ಹಣ ಕೊಟ್ಟ ರಸೀದಿಗಳ ಮೂಲ ಪ್ರತಿಯನ್ನೇ ಸಾಮಾನ್ಯವಾಗಿ ಕೇಳುತ್ತಾರೆ. ಕೊಡುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಟೋಯಿಂಗ್ ರಸೀದಿ ಬಿಸಿಯಿಂದ ಅಚ್ಚಾಗುವ ನುಣುಪು ಕಾಗದದಲ್ಲಿದ್ದರೆ ಆವತ್ತೇ ಜೆರಾಕ್ಸ್ ಮಾಡಿಸಿ. ದಿನ ಕಳೆದಂತೆ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಉಳಿಯಬಹುದು. ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕದ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮೇಲ್ ಮಾಡಿದರೆ ಎಲ್ಲ ಲಗತ್ತನ್ನೂ ಒಂದೇ ಮೇಲ್‌ನಲ್ಲಿ, ಪತ್ರದಲ್ಲಿ ಇರುವ ನಂಬರಿನಲ್ಲೇ ಫೈಲಿಗೆ ಹೆಸರು ಕೊಟ್ಟು ಕಳಿಸಿ.

ಗಾಡಿ ನನ್ನ ತಮ್ಮ ಓಡಿಸುತ್ತಿದ್ದ. ನಾನೇ ಅಂತ ಬರೆದರೆ ಏನಾಗುತ್ತೆ?

ಸ್ಥಳದಲ್ಲಿದ್ದ ವ್ಯಾನಿನವರು, ಪೊಲೀಸ್ ವರದಿ, ಫೋಟೋ ಎಲ್ಲವೂ ನಿಮ್ಮ ತಮ್ಮನನ್ನೇ ತೋರಿಸುತ್ತವೆ. ತಮ್ಮನಿಗೆ ಲೈಸೆನ್ಸ್ ಇದ್ದು, ಬೇರೆಯವರು ಓಡಿಸಲು ಪಾಲಿಸಿಯಲ್ಲಿ ಅವಕಾಶ ಇದ್ದರೆ ಸುಳ್ಳಿನ ಅಗತ್ಯವೇ ಇಲ್ಲ. "ನನ್ನ ಅನುಮತಿಯಿಂದ ನನ್ನ ತಮ್ಮ ಓಡಿಸುತ್ತಿದ್ದರು" ಅಂತ ಬರೆದು ಅವರ ಲೈಸೆನ್ಸ್ ಪ್ರತಿ ಲಗತ್ತಿಸಿ. ಪತ್ರಕ್ಕೆ ಸಹಿ ಪಾಲಿಸಿದಾರರಾದ ನಿಮ್ಮದೇ ಇರಲಿ.

ಎದುರಿನ ಗಾಡಿಯವರು ಸ್ಥಳದಲ್ಲೇ 5,000 ಕೊಟ್ಟು, "ಇಲ್ಲಿಗೆ ಮುಗೀತು" ಅಂತ ಬರೆಸಿಕೊಂಡರು. ಇದನ್ನು ಪತ್ರದಲ್ಲಿ ಹೇಳಬೇಕಾ?

ಹೇಳಲೇಬೇಕು. ತೆಗೆದುಕೊಂಡ ಹಣವನ್ನು ಮೊತ್ತದ ಪಟ್ಟಿಯ ಕೆಳಗೆ ತೋರಿಸಿ, ಬರೆದುಕೊಟ್ಟ ಚೀಟಿಯ ಪ್ರತಿ ಇಡಿ. ಒಂದೇ ಹಾನಿಗೆ ಎರಡು ಕಡೆಯಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ.

ತಾಪತ್ರಯ ಇರುವುದು ಹಣದಲ್ಲಲ್ಲ, ಆ ಚೀಟಿಯಲ್ಲಿ. ನಿಮಗೆ ಹಣ ಕೊಟ್ಟ ಮೇಲೆ, ತಪ್ಪು ಎದುರಿನವರದ್ದು ಅಂತಾದರೆ ಕಂಪನಿ ಅದನ್ನು ಅವರಿಂದ ವಸೂಲಿ ಮಾಡಲು ಹೋಗಬಹುದು. ನಿಮ್ಮ ಪರವಾಗಿ ಅದಕ್ಕೆ ಆ ಹಕ್ಕು ಬರುತ್ತದೆ. ನೀವು ಆಗಲೇ "ಮುಗೀತು" ಅಂತ ಸಹಿ ಹಾಕಿದ್ದರೆ ಕಂಪನಿ ಹಿಡಿಯಲು ಏನೂ ಉಳಿಯುವುದಿಲ್ಲ, ಆ ನೆಪದಲ್ಲಿ ನಿಮ್ಮ ಕ್ಲೇಮಿಗೂ ತಕರಾರು ತೆಗೆಯಬಹುದು. ಇನ್ನೂ ಸಹಿ ಹಾಕಿಲ್ಲ ಅಂದರೆ ಕಂಪನಿಯನ್ನು ಕೇಳದೆ ಹಾಕಬೇಡಿ. ಗಾಡಿ ನಂಬರ್, ಹೆಸರು, ಫೋನ್, ಅವರ ಇನ್ಶೂರೆನ್ಸ್ ವಿವರ ಬರೆದುಕೊಂಡು ಬಂದರೆ ಸಾಕು.

ಯಾರಿಗಾದರೂ ಗಾಯವಾಗಿದ್ದರೆ ಆಸ್ಪತ್ರೆ ಬಿಲ್ಲನ್ನೂ ಇದೇ ಪತ್ರದಲ್ಲಿ ಸೇರಿಸಬಹುದಾ?

ಬೇಡ. ಗಾಯವಾಗಿದೆ ಅನ್ನುವ ಸಂಗತಿಯನ್ನು ಈ ಪತ್ರದಲ್ಲಿ ಒಂದು ವಾಕ್ಯದಲ್ಲಿ ತಿಳಿಸಿ. ಹಣದ ಲೆಕ್ಕ ಬೇರೆ ದಾರಿಯಲ್ಲಿ ಹೋಗುತ್ತದೆ. ಪೊಲೀಸ್ ವರದಿಯೂ ಆಗಲೇಬೇಕು. ಗಾಯಾಳುವಿಗೆ ಇಷ್ಟು ಕೊಡುತ್ತೇನೆ ಅಂತ ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಡಿ.

24,000 ಮಂಜೂರಾಯಿತು ಅಂತ ಮೆಸೇಜ್ ಬಂತು. ಲೆಕ್ಕದ ಪ್ರಕಾರ 28,250 ಬರಬೇಕಿತ್ತಲ್ಲ?

ಈಗ ಆ ಚೀಟಿ ತೆಗೆಯಿರಿ. ಫೋನಿನಲ್ಲಿ ಜಗಳ ಆಡುವ ಮುಂಚೆ ಸಾಲು ಸಾಲಿನ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ಬಂದ ಮೇಲೆ ನಿಮ್ಮ ಚೀಟಿಯ ಪಕ್ಕ ಇಟ್ಟರೆ ವ್ಯತ್ಯಾಸ ಎಲ್ಲಿದೆ ಅಂತ ಐದು ನಿಮಿಷದಲ್ಲಿ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಕೊರತೆ 4,250. ಹುಡುಕಿದರೆ ಅದು ಎರಡು ಕಡೆ ಇದೆ. ಫೆಂಡರ್‌ಗೂ ಪ್ಲಾಸ್ಟಿಕ್‌ನ ಹಾಗೆ ಅರ್ಧ ಕಳೆದಿದ್ದಾರೆ. 750 ಬದಲು 2,500 ಹೋಗಿದೆ, ಅಲ್ಲಿಗೆ 1,750 ಜಾಸ್ತಿ. ಕೂಲಿಯನ್ನು 6,500ರ ಬದಲು 4,000 ಅಂತ ಹಿಡಿದಿದ್ದಾರೆ, ಅಲ್ಲಿ 2,500.

ಮೊದಲನೆಯದು ಬರೀ ತಪ್ಪು. ಫೆಂಡರ್ ಲೋಹದ್ದು ಅನ್ನುವುದಕ್ಕೆ ಫೋಟೋ, ಪಾಲಿಸಿಯ ಆ ಸಾಲು ತೋರಿಸಿ ಒಂದು ಮೇಲ್ ಹಾಕಿದರೆ ಸರಿಹೋಗಬೇಕು. ಎರಡನೆಯದು ಚೌಕಾಸಿ. ಸರ್ವೇಯರ್‌ಗೆ ಕೂಲಿ ಜಾಸ್ತಿ ಅನ್ನಿಸಿದೆ. ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಗ್ಯಾರೇಜಿನಿಂದ ಬಿಡಿಸಿ ಬರೆಸಿಕೊಂಡು ಕಳಿಸಿ. ಪೂರ್ತಿ ಸಿಗದಿದ್ದರೂ ಸ್ವಲ್ಪ ಏರಬಹುದು. ಒಂದು ವಿಷಯ ಮಾತ್ರ ಮರೆಯಬೇಡಿ: ತಕರಾರು ಬಗೆಹರಿಯುವ ತನಕ "ಪೂರ್ಣ ಮತ್ತು ಅಂತಿಮ ಪಾವತಿ" ಅಂತ ಬರೆದಿರುವ ವೋಚರ್‌ಗೆ ಸಹಿ ಹಾಕಬೇಡಿ. ಒಪ್ಪದ ಮೊತ್ತ ಎಷ್ಟು ಅಂತ ಬರವಣಿಗೆಯಲ್ಲಿ ತಿಳಿಸಿ, ಉಳಿದದ್ದನ್ನು ಮೊದಲು ಬಿಡುಗಡೆ ಮಾಡಲು ಕೇಳಿ.